ಮೂರು ಸಿದ್ಧ ಉತ್ತರ, ನಾಲ್ಕನೆಯ ಪತ್ರ

‘ನಿಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ. ನಮ್ಮ ದಾಖಲೆಗಳ ಪ್ರಕಾರ ಸದರಿ ವ್ಯವಹಾರ ಯಶಸ್ವಿಯಾಗಿದೆ. ನಿಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ.’ ಎಟಿಎಂನಿಂದ ಹಣ ಬಾರದೆ ಖಾತೆಯಲ್ಲಿ ಮಾತ್ರ ಕಡಿತವಾದವರಿಗೆ ಈ ಮೂರು ವಾಕ್ಯ ಚೆನ್ನಾಗಿ ಗೊತ್ತು. ಎರಡನೆಯ ಸಲ ಬರೆದರೂ ಇದೇ ಬರುತ್ತದೆ, ಮೂರನೆಯ ಸಲ ಕೆಳಗಿನ ಹೆಸರು ಬದಲಾಗಿರುತ್ತದೆ. ಆಗ ಬಹಳ ಜನ ಸುಮ್ಮನಾಗುತ್ತಾರೆ. ಉಳಿದವರು ಸಿಟ್ಟಿನಿಂದ ಮೇಲಧಿಕಾರಿಗೆ ಉದ್ದನೆಯ ಪತ್ರ ಬರೆಯುತ್ತಾರೆ, ಅದಕ್ಕೂ ಅದೇ ಮೂರು ವಾಕ್ಯ ಬಂದಾಗ ಕೈಚೆಲ್ಲುತ್ತಾರೆ.

ಮೇಲಧಿಕಾರಿಗೆ ಬರೆಯುವುದರಲ್ಲಿ ತಪ್ಪಿಲ್ಲ. ಆದರೆ ಬಹುಪಾಲು ಪತ್ರಗಳು ಮೊದಲಿನ ದೂರನ್ನೇ ಇನ್ನಷ್ಟು ಜೋರಾಗಿ ಹೇಳುತ್ತವೆ. ಅದೇ ದೂರಿಗೆ ಬ್ಯಾಂಕಿನಲ್ಲಿ ಅದೇ ಉತ್ತರ ಸಿದ್ಧವಾಗಿದೆ. ನಾಲ್ಕನೆಯ ಪತ್ರದ ವಿಷಯ ಹಣ ಬಾರದ ಕಥೆಯಲ್ಲ, ಬಂದ ಮೂರು ಉತ್ತರಗಳು. ಅವು ಯಾವ ಪ್ರಶ್ನೆಯನ್ನು ಮುಟ್ಟಲಿಲ್ಲ, ಯಾವ ದಾಖಲೆಯನ್ನು ನೋಡಲಿಲ್ಲ, ಬ್ಯಾಂಕು ತಾನೇ ಪಾಲಿಸಬೇಕಾದ ಯಾವ ಹೆಜ್ಜೆಯನ್ನು ಬಿಟ್ಟಿತು ಎಂಬುದನ್ನು ಅದು ಹೇಳಬೇಕು. ಹಾಗೆ ಬರೆಯಲು ಆ ಉತ್ತರ ಎಲ್ಲಿಂದ ಹುಟ್ಟುತ್ತದೆ ಎಂಬುದು ಮೊದಲು ಗೊತ್ತಿರಬೇಕು.

‘ಯಶಸ್ವಿ’ ಎಂದು ಹೇಳುವವರು ಯಾರು?

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ತುಮಕೂರಿನ ಶಾಲಾ ಶಿಕ್ಷಕಿಯೊಬ್ಬರು ಜೂನ್ 4ರ ಸಂಜೆ ಬೇರೊಂದು ಬ್ಯಾಂಕಿನ ಎಟಿಎಂನಲ್ಲಿ 10,000 ರೂಪಾಯಿ ತೆಗೆಯಲು ಹೋಗುತ್ತಾರೆ. ಯಂತ್ರ ನೋಟು ಎಣಿಸಿದ ಸದ್ದು ಕೇಳುತ್ತದೆ, ನೋಟು ಹೊರಬರುವುದಿಲ್ಲ, ರಸೀದಿಯೂ ಇಲ್ಲ. ಮೊಬೈಲ್‌ಗೆ ಮಾತ್ರ ಹಣ ಕಡಿತವಾದ ಸಂದೇಶ ಬರುತ್ತದೆ.

ಇಲ್ಲಿ ಎರಡು ಬ್ಯಾಂಕುಗಳಿವೆ: ಕಾರ್ಡು ಕೊಟ್ಟ ಬ್ಯಾಂಕು ಮತ್ತು ಯಂತ್ರ ಇಟ್ಟ ಬ್ಯಾಂಕು. ಎಟಿಎಂ ಯಾರದೇ ಆಗಿರಲಿ, ಗ್ರಾಹಕರು ದೂರು ಕೊಡಬೇಕಾದದ್ದು ಕಾರ್ಡು ಕೊಟ್ಟ ಬ್ಯಾಂಕಿಗೆ. ಅದು ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್, ಅಂದರೆ ಎನ್‌ಪಿಸಿಐ ನಡೆಸುವ ಎಟಿಎಂ ಜಾಲದ ಮೂಲಕ ಯಂತ್ರದ ಬ್ಯಾಂಕಿನ ಮೇಲೆ ‘ಚಾರ್ಜ್‌ಬ್ಯಾಕ್’ ಹಾಕುತ್ತದೆ: ನಮ್ಮ ಗ್ರಾಹಕರಿಗೆ ಹಣ ಸಿಕ್ಕಿಲ್ಲವಂತೆ, ಮರಳಿಸಿ ಎಂಬ ಬೇಡಿಕೆ ಅದು. ಯಂತ್ರದ ಬ್ಯಾಂಕು ಒಪ್ಪಿದರೆ ಹಣ ಹಿಂದಿರುಗುತ್ತದೆ. ಒಪ್ಪದಿದ್ದರೆ ‘ಹಣ ಹೊರಗೆ ಹೋಗಿದೆ’ ಎಂದು ದಾಖಲೆ ಸಮೇತ ತಿರುಗಿಸಿ ಕಳಿಸುತ್ತದೆ. ಅದಕ್ಕೆ ‘ರೀಪ್ರೆಸೆಂಟ್‌ಮೆಂಟ್’ ಎನ್ನುತ್ತಾರೆ.

ಶಿಕ್ಷಕಿಗೆ ಬರುವ ‘ವ್ಯವಹಾರ ಯಶಸ್ವಿ’ ಎಂಬ ಸಾಲು ಸಾಮಾನ್ಯವಾಗಿ ಹುಟ್ಟುವುದು ಇಲ್ಲಿ. ಅವರ ಬ್ಯಾಂಕು ಸ್ವತಃ ಏನನ್ನೂ ತನಿಖೆ ಮಾಡಿರಬೇಕೆಂದಿಲ್ಲ. ಎದುರು ಬ್ಯಾಂಕಿನ ನಿರಾಕರಣೆಯನ್ನು ಕಂಪ್ಯೂಟರಿನಲ್ಲಿ ನೋಡಿ, ಆ ಬಗೆಯ ದೂರಿಗೆಂದು ಇಟ್ಟುಕೊಂಡ ಉತ್ತರವನ್ನು ಕಳಿಸಿರುತ್ತದೆ. ಎರಡನೆಯ ಸಲ ಬರೆದಾಗ ಇನ್ನೊಬ್ಬ ಸಿಬ್ಬಂದಿ ಅದೇ ಪರದೆ ನೋಡಿ ಅದೇ ಉತ್ತರ ಕಳಿಸುತ್ತಾರೆ. ಆ ಮಟ್ಟದಲ್ಲಿರುವವರಿಗೆ ಅದಕ್ಕಿಂತ ಮುಂದೆ ಹೋಗುವ ಅಧಿಕಾರ ಇರುವುದಿಲ್ಲ.

ಆದರೆ ದಾರಿ ಅಲ್ಲಿಗೆ ಮುಗಿಯುವುದಿಲ್ಲ. ನಿರಾಕರಣೆ ಬಂದ ಮೇಲೆ ಕಾರ್ಡಿನ ಬ್ಯಾಂಕು ‘ಪ್ರಿ-ಆರ್ಬಿಟ್ರೇಷನ್’ ಎಂಬ ಮುಂದಿನ ಹಂತಕ್ಕೆ ಹೋಗಬಹುದು, ಆಮೇಲೆ ಆರ್ಬಿಟ್ರೇಷನ್‌ಗೂ ಹೋಗಬಹುದು. ಪ್ರತಿ ಹಂತಕ್ಕೂ ದಿನಗಳ ಮಿತಿ ಇದೆ. ಗ್ರಾಹಕರು ನೇರವಾಗಿ ಅಲ್ಲಿಗೆ ಹೋಗುವಂತಿಲ್ಲ, ಅವರ ಪರವಾಗಿ ಬ್ಯಾಂಕೇ ಹೋಗಬೇಕು. ಹಾಗಾಗಿ ಮೇಲಧಿಕಾರಿಗೆ ಕೇಳಬೇಕಾದ ಮೊದಲ ಪ್ರಶ್ನೆ ಸರಳ: ಚಾರ್ಜ್‌ಬ್ಯಾಕ್ ಹಾಕಿದ್ದು ಯಾವ ತಾರೀಖು, ತಿರಸ್ಕಾರವಾದದ್ದು ಯಾವ ತಾರೀಖು, ಮುಂದಿನ ಹಂತಕ್ಕೆ ಹೋದಿರಾ ಇಲ್ಲವಾ?

ಯಂತ್ರದ ಒಳಗಿನ ಸಾಕ್ಷಿ

ಎಟಿಎಂ ತನ್ನ ಪ್ರತಿ ಚಲನೆಯನ್ನೂ ಒಂದು ದಿನಚರಿಯಲ್ಲಿ ಬರೆದಿಡುತ್ತದೆ. ಅದು ಎಲೆಕ್ಟ್ರಾನಿಕ್ ಜರ್ನಲ್, ಬ್ಯಾಂಕಿನವರ ಬಾಯಲ್ಲಿ ‘ಇಜೆ ಲಾಗ್’. ಕಾರ್ಡು ಒಳಗೆ ಹೋದ ಹೊತ್ತು, ಕೇಳಿದ ಮೊತ್ತ, ಬಂದ ಅನುಮತಿ, ಯಾವ ಪೆಟ್ಟಿಗೆಯಿಂದ ಎಷ್ಟು ನೋಟು ಎತ್ತಿತು, ನಡುವೆ ದೋಷ ತಲೆದೋರಿತೇ ಎಂಬುದೆಲ್ಲ ಅದರಲ್ಲಿರುತ್ತದೆ. ಅನುಮತಿ ಸಿಕ್ಕಿದ್ದು ಬೇರೆ, ನೋಟು ಹೊರಬಂದದ್ದು ಬೇರೆ. ಮೊದಲನೆಯದಾದ ಕೂಡಲೇ ಖಾತೆಯಲ್ಲಿ ಕಡಿತವಾಗುತ್ತದೆ. ಎರಡನೆಯದು ಆಗದೆ ಹೋದರೆ ಕಡಿತ ತಾನಾಗಿ ರದ್ದಾಗಬೇಕು. ಆ ರದ್ದತಿಯ ಸಂದೇಶ ಜಾಲದಲ್ಲಿ ಎಲ್ಲೋ ತಪ್ಪಿಹೋದಾಗ ದೂರು ಹುಟ್ಟುತ್ತದೆ.

ಎರಡನೆಯ ಸಾಕ್ಷಿ ನಗದಿನ ಲೆಕ್ಕ. ಯಂತ್ರಕ್ಕೆ ಹಣ ತುಂಬುವವರು ಒಳಗೆ ಉಳಿದ ನೋಟನ್ನೂ ಯಂತ್ರದ ಎಣಿಕೆಯನ್ನೂ ಹೋಲಿಸಿ ಟ್ಯಾಲಿ ಮಾಡುತ್ತಾರೆ. ಹೊರಗೆ ಹೋಗದೆ ಒಳಗೇ ತಿರಸ್ಕೃತ ಪೆಟ್ಟಿಗೆಗೆ ಬಿದ್ದ ನೋಟುಗಳೂ ಆಗ ಎಣಿಕೆಗೆ ಸಿಗುತ್ತವೆ. ಶಿಕ್ಷಕಿಯ 20 ನೋಟು, ತಲಾ 500 ರೂಪಾಯಿ, ಒಳಗೇ ಉಳಿದಿದ್ದರೆ ಆ ದಿನದ ಲೆಕ್ಕದಲ್ಲಿ 10,000 ರೂಪಾಯಿ ಹೆಚ್ಚುವರಿ ತೋರಬೇಕು. ಮೂರನೆಯ ಸಾಕ್ಷಿ ಸಿಸಿಟಿವಿ. ನೋಟು ತಡವಾಗಿ ಹೊರಬಂದು ಹಿಂದೆ ಬಂದವರು ಎತ್ತಿಕೊಂಡಿದ್ದರೆ ಅದನ್ನು ತೋರಿಸಬಲ್ಲದ್ದು ಇದೊಂದೇ. ಆ ದೃಶ್ಯಗಳನ್ನು ಬಹುಕಾಲ ಇಡುವುದಿಲ್ಲವಾದ್ದರಿಂದ ‘ಜೂನ್ 4ರ ದೃಶ್ಯ ಅಳಿಸದಂತೆ ತೆಗೆದಿಡಿ’ ಎಂದು ಮೊದಲ ದೂರಿನಲ್ಲೇ ಕೇಳುವುದು ಜಾಣತನ. ಅಲ್ಲಿ ಬಿಟ್ಟುಹೋಗಿದ್ದರೆ ನಾಲ್ಕನೆಯದರಲ್ಲಾದರೂ ಇರಲೇಬೇಕು.

‘ನನಗೆ ಹಣ ಬಂದಿಲ್ಲ’ ಎಂದರೆ ‘ಬಂದಿದೆ’ ಎನ್ನಬಹುದು. ‘ಇಜೆ ಲಾಗ್‌ನ ಪ್ರತಿ, ಆ ದಿನದ ನಗದು ಲೆಕ್ಕದಲ್ಲಿ ಹೆಚ್ಚುವರಿ ಇತ್ತೇ ಇಲ್ಲವೇ ಎಂಬ ಲಿಖಿತ ಹೇಳಿಕೆ ಕೊಡಿ’ ಎಂದರೆ ಯಾರಾದರೊಬ್ಬರು ಎದ್ದು ಹೋಗಿ ಆ ಕಾಗದ ತರಿಸಿಕೊಳ್ಳಬೇಕಾಗುತ್ತದೆ. ಮೇಲಧಿಕಾರಿಗೆ ಬರೆಯುವುದರ ಪ್ರಯೋಜನವೇ ಇದು: ಆ ಕಾಗದ ತರಿಸುವ ಅಧಿಕಾರ ಅವರಿಗಿದೆ.

ದಿನದ ಲೆಕ್ಕ

ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ವಿಫಲ ವ್ಯವಹಾರಗಳಿಗೆ ಗಡುವು ಗೊತ್ತುಮಾಡಿ ಸುತ್ತೋಲೆ ಹೊರಡಿಸಿತು. ಎಟಿಎಂನಲ್ಲಿ ಹಣ ಬಾರದೆ ಕಡಿತವಾಗಿದ್ದರೆ ವ್ಯವಹಾರದ ದಿನದ ನಂತರ ಐದು ದಿನದೊಳಗೆ ಹಣ ತಾನಾಗಿ ಮರಳಬೇಕು. ತಡವಾದ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ ಕೊಡಬೇಕು. ಗ್ರಾಹಕರು ಕೇಳಲಿ ಬಿಡಲಿ, ಪರಿಹಾರವನ್ನು ಬ್ಯಾಂಕು ತಾನಾಗಿಯೇ ಜಮಾ ಮಾಡಬೇಕೆಂದೂ ಅದರಲ್ಲಿದೆ. ದಿನ ಎಂದರೆ ಕ್ಯಾಲೆಂಡರ್ ದಿನ, ಭಾನುವಾರಕ್ಕೆ ವಿನಾಯಿತಿ ಇಲ್ಲ.

ನಮ್ಮ ಉದಾಹರಣೆಯಲ್ಲಿ ಜೂನ್ 4ರ ವ್ಯವಹಾರಕ್ಕೆ ಗಡುವು ಜೂನ್ 9. ಜೂನ್ 10ರಿಂದ ಪರಿಹಾರ ಓಡತೊಡಗುತ್ತದೆ. ನಾಲ್ಕನೆಯ ಪತ್ರವನ್ನು ಜೂನ್ 24ರಂದು ಬರೆದರೆ ಅಲ್ಲಿಗೆ 15 ದಿನ, 1,500 ರೂಪಾಯಿ. ಪತ್ರದಲ್ಲಿ ಮೊತ್ತವನ್ನು ಹೀಗೆ ಬಿಡಿಸಿ ಬರೆಯಬೇಕು. ‘ತಕ್ಕ ಪರಿಹಾರ ಕೊಡಿ’ ಎಂದರೆ ಯಾರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. ‘10,000 ಮತ್ತು 1,500’ ಎಂದರೆ ಅಧಿಕಾರಿ ಒಪ್ಪಬೇಕು, ಇಲ್ಲವೇ ಯಾಕೆ ಇಲ್ಲ ಎಂದು ಬರೆಯಬೇಕು.

ಒಂದು ಎಚ್ಚರ. ಈ ಪರಿಹಾರ ವ್ಯವಹಾರ ನಿಜಕ್ಕೂ ವಿಫಲವಾಗಿದ್ದರೆ ಮಾತ್ರ. ಆದ್ದರಿಂದ ಮೊದಲು ಸಾಕ್ಷಿ ಕೇಳಬೇಕು, ಆಮೇಲೆ ಪರಿಹಾರ. ಕೆಲವರು ಪತ್ರದ ಮೊದಲ ಸಾಲಿನಲ್ಲೇ ಪರಿಹಾರಕ್ಕೆ ಪಟ್ಟು ಹಿಡಿಯುತ್ತಾರೆ, ಓದುವವರ ಗಮನ ಅಲ್ಲೇ ಸಿಕ್ಕಿಕೊಂಡು ಅಸಲು ಹಣದ ವಿಚಾರಣೆ ಹಿಂದೆ ಬೀಳುತ್ತದೆ.

ಮುಕ್ತಾಯ ಎಂಬ ಮುದ್ರೆ

ಸಿದ್ಧ ಉತ್ತರದ ಕೊನೆಯ ವಾಕ್ಯವೇ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು: ‘ದೂರನ್ನು ಮುಕ್ತಾಯಗೊಳಿಸಲಾಗಿದೆ.’ ಹತ್ತು ಮತ್ತು ಅದಕ್ಕಿಂತ ಹೆಚ್ಚು ಶಾಖೆಗಳಿರುವ ಬಹುತೇಕ ಬ್ಯಾಂಕುಗಳಲ್ಲಿ ‘ಆಂತರಿಕ ಓಂಬುಡ್ಸ್‌ಮನ್’ ಎಂಬ ಹುದ್ದೆ ಇದೆ. ಬ್ಯಾಂಕು ಪೂರ್ತಿಯಾಗಿಯೋ ಭಾಗಶಃವೋ ತಿರಸ್ಕರಿಸಲು ಹೊರಟ ದೂರು ಬಂದ 20 ದಿನದೊಳಗೆ ತಾನಾಗಿ ಇವರ ಮುಂದೆ ಹೋಗಬೇಕೆಂದು 2023ರ ಡಿಸೆಂಬರ್ 29ರ ರಿಸರ್ವ್ ಬ್ಯಾಂಕ್ ನಿರ್ದೇಶನ ಹೇಳಿತ್ತು. 30 ದಿನದೊಳಗೆ ಅಂತಿಮ ತೀರ್ಮಾನ ಗ್ರಾಹಕರಿಗೆ ತಲುಪಬೇಕೆಂದೂ ಅದರಲ್ಲಿತ್ತು. ಗ್ರಾಹಕರು ನೇರವಾಗಿ ಆಂತರಿಕ ಓಂಬುಡ್ಸ್‌ಮನ್‌ಗೆ ಬರೆಯುವಂತಿಲ್ಲ.

ತಿರಸ್ಕರಿಸಿದರೆ ಮೇಲೆ ಹೋಗಬೇಕು, ‘ಬಗೆಹರಿದಿದೆ’ ಎಂದು ಮುಚ್ಚಿದರೆ ಹೋಗಬೇಕಿಲ್ಲ. ಗ್ರಾಹಕರಿಗೆ ಹಣ ಕೊಡದೆಯೇ ದೂರನ್ನು ಬಗೆಹರಿದವುಗಳ ಸಾಲಿಗೆ ಸೇರಿಸಿಬಿಟ್ಟರೆ ಆ ಒಳಗಿನ ತಪಾಸಣೆಯೇ ತಪ್ಪಿಹೋಗಬಹುದು. ಹಾಗಾಗಿ ನಾಲ್ಕನೆಯ ಪತ್ರದಲ್ಲಿ ‘ಇದು ಬಗೆಹರಿದಿಲ್ಲ, ಇದನ್ನು ತಿರಸ್ಕೃತ ದೂರೆಂದು ಪರಿಗಣಿಸಿ ಆಂತರಿಕ ಓಂಬುಡ್ಸ್‌ಮನ್ ಮುಂದಿಡಿ’ ಎಂಬ ಒಂದು ಸಾಲು ಇರಬೇಕು. ಹೊಸ ದೂರು ಸಂಖ್ಯೆ ಕೇಳಬಾರದು. ಹೊಸ ಸಂಖ್ಯೆ ಬಂದರೆ ಕಡತವೂ ಹೊಸದು, ದಿನದ ಎಣಿಕೆಯೂ ಮತ್ತೆ ಒಂದರಿಂದ ಶುರುವಾಗುವ ಅಪಾಯವಿದೆ. ಹಳೆಯ ಸಂಖ್ಯೆಯನ್ನೇ ಮತ್ತೆ ತೆರೆಯಿರಿ ಎಂದು ಕೇಳಬೇಕು.

ಯಾರಿಗೆ ಬರೆಯುವುದು?

ಶಾಖೆಯ ಮ್ಯಾನೇಜರ್ ಮೇಲೆ ಪ್ರಾದೇಶಿಕ ಅಥವಾ ವಲಯ ಮಟ್ಟದ ನೋಡಲ್ ಅಧಿಕಾರಿ ಇರುತ್ತಾರೆ. ಎಲ್ಲರ ಮೇಲೆ ಮುಖ್ಯ ಕಚೇರಿಯಲ್ಲಿ ಪ್ರಧಾನ ನೋಡಲ್ ಅಧಿಕಾರಿ. ರಿಸರ್ವ್ ಬ್ಯಾಂಕಿನ 2021ರ ಸಮಗ್ರ ಓಂಬುಡ್ಸ್‌ಮನ್ ಯೋಜನೆ ಈ ಹುದ್ದೆಯಲ್ಲಿ ಜನರಲ್ ಮ್ಯಾನೇಜರ್ ದರ್ಜೆಗೆ ಕಡಿಮೆಯಿಲ್ಲದವರು ಇರಬೇಕೆಂದು ಹೇಳಿತು. ಅವರ ವಿಳಾಸವನ್ನು ಬ್ಯಾಂಕಿನ ಸ್ವಂತ ಜಾಲತಾಣದಿಂದಲೋ ಶಾಖೆಯ ಗೋಡೆಯ ಮೇಲಿನ ಫಲಕದಿಂದಲೋ ಮಾತ್ರ ತೆಗೆದುಕೊಳ್ಳಬೇಕು. ಅಂತರ್ಜಾಲದಲ್ಲಿ ಹುಡುಕಿದಾಗ ಸಿಗುವ ‘ಕಸ್ಟಮರ್ ಕೇರ್’ ಸಂಖ್ಯೆಗಳ ಹಿಂದೆ ವಂಚಕರು ಕಾದಿರುತ್ತಾರೆ. ಹಣ ಮರಳಿಸುತ್ತೇವೆಂದು ಒಟಿಪಿ ಕೇಳುವವರು ಯಾರೇ ಆಗಲಿ, ಬ್ಯಾಂಕಿನವರಲ್ಲ.

ಅಧ್ಯಕ್ಷರಿಗೆ, ಮಂತ್ರಿಗೆ, ಪತ್ರಿಕೆಗೆ ಎಲ್ಲರಿಗೂ ಪ್ರತಿ ಹಾಕಿದರೆ ಪತ್ರದ ತೂಕ ಹೆಚ್ಚುವುದಿಲ್ಲ. ಹತ್ತು ಜನರಿಗೆ ಹೋದ ಪತ್ರ ತನ್ನದೆಂದು ಯಾರಿಗೂ ಅನಿಸುವುದಿಲ್ಲ. ಒಬ್ಬರ ಹೆಸರಿಗೆ ಬರೆದು, ಶಾಖೆಗೆ ಒಂದು ಪ್ರತಿ ಕೊಟ್ಟರೆ ಸಾಕು. ಕನ್ನಡದಲ್ಲಿ ಬರೆಯಬಹುದು. ಮುಖ್ಯ ಕಚೇರಿ ಬೇರೆ ರಾಜ್ಯದಲ್ಲಿದ್ದರೆ ಇಂಗ್ಲಿಷ್ ಪ್ರತಿಯನ್ನೂ ಲಗತ್ತಿಸಿದರೆ ಅನುವಾದದ ನೆಪದಲ್ಲಿ ದಿನ ಕಳೆಯುವುದು ತಪ್ಪುತ್ತದೆ.

ಪತ್ರ ಹೀಗಿರಬಹುದು

*ಪ್ರಧಾನ ನೋಡಲ್ ಅಧಿಕಾರಿಯವರಿಗೆ*

*ದಿನಾಂಕ: ಜೂನ್ 24*

*ವಿಷಯ: ಜೂನ್ 4ರ ಎಟಿಎಂ ವ್ಯವಹಾರ, 10,000 ರೂ. – ದೂರಿಗೆ ಬಂದ ಮೂರು ಉತ್ತರಗಳಲ್ಲಿ ತನಿಖೆಯ ವಿವರ ಇಲ್ಲದಿರುವುದು*

*ಮಾನ್ಯರೇ,*

*ಜೂನ್ 4ರ ಸಂಜೆ 6.42ಕ್ಕೆ ನನ್ನ ಖಾತೆಯಿಂದ (ಕೊನೆಯ ನಾಲ್ಕು ಅಂಕಿ ಮೇಲ್ಕಂಡ ದೂರಿನಲ್ಲಿದೆ) 10,000 ರೂಪಾಯಿ ಕಡಿತವಾಯಿತು. ಎಟಿಎಂನಿಂದ ಹಣ ಬರಲಿಲ್ಲ. ಜೂನ್ 5ರಂದು ದೂರು ದಾಖಲಿಸಿದೆ. ಜೂನ್ 8, 14 ಮತ್ತು 20ರಂದು ಬಂದ ಮೂರು ಉತ್ತರಗಳೂ ‘ವ್ಯವಹಾರ ಯಶಸ್ವಿಯಾಗಿದೆ’ ಎಂದಷ್ಟೇ ಹೇಳುತ್ತವೆ. ಯಾವ ದಾಖಲೆಯನ್ನು ಪರಿಶೀಲಿಸಲಾಯಿತೆಂದು ಒಂದರಲ್ಲೂ ಇಲ್ಲ. ಮೂರರ ಪ್ರತಿಯನ್ನೂ ಲಗತ್ತಿಸಿದ್ದೇನೆ.*

*ಕೆಳಗಿನವುಗಳಿಗೆ ಲಿಖಿತ ಉತ್ತರ ಕೋರುತ್ತೇನೆ:*

*1. ಚಾರ್ಜ್‌ಬ್ಯಾಕ್ ಹಾಕಿದ ಮತ್ತು ಅದು ತಿರಸ್ಕೃತವಾದ ದಿನಾಂಕ. ಪ್ರಿ-ಆರ್ಬಿಟ್ರೇಷನ್‌ಗೆ ಹೋಗಿದ್ದರೆ ಅದರ ದಿನಾಂಕ, ಹೋಗಿರದಿದ್ದರೆ ಕಾರಣ.*

*2. ಈ ವ್ಯವಹಾರದ ಇಜೆ ಲಾಗ್ ಪ್ರತಿ, ಆ ಯಂತ್ರದ ಆ ಅವಧಿಯ ನಗದು ಲೆಕ್ಕದಲ್ಲಿ ಹೆಚ್ಚುವರಿ ಇತ್ತೇ ಎಂಬ ವಿವರ. ಸಿಸಿಟಿವಿ ದೃಶ್ಯವನ್ನು ತೆಗೆದಿಡುವಂತೆ ಯಂತ್ರದ ಬ್ಯಾಂಕಿಗೆ ತಿಳಿಸಿರುವ ಬಗ್ಗೆ ಮಾಹಿತಿ.*

*3. ದೂರನ್ನು ಆಂತರಿಕ ಓಂಬುಡ್ಸ್‌ಮನ್ ಮುಂದಿಡಲಾಗಿದೆಯೇ? ನನ್ನ ದೂರು ಬಗೆಹರಿದಿಲ್ಲ. ಅದೇ ಸಂಖ್ಯೆಯಲ್ಲಿ ಮತ್ತೆ ತೆರೆಯಬೇಕೆಂದು ಕೋರುತ್ತೇನೆ.*

*ವ್ಯವಹಾರ ವಿಫಲವೆಂದು ಕಂಡುಬಂದರೆ 10,000 ರೂ. ಹಾಗೂ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಂತೆ ಜೂನ್ 10ರಿಂದ ಹಣ ಜಮೆಯಾಗುವ ದಿನದವರೆಗೆ ದಿನಕ್ಕೆ 100 ರೂ. (ಇಂದಿಗೆ 1,500 ರೂ.) ಜಮಾ ಮಾಡಬೇಕೆಂದು ವಿನಂತಿ. ನನ್ನ ಮೊದಲ ದೂರಿಗೆ ಜುಲೈ 5ಕ್ಕೆ 30 ದಿನ ತುಂಬುತ್ತದೆ. ಅಷ್ಟರಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್ ಅವರಿಗೆ ದೂರು ಸಲ್ಲಿಸುತ್ತೇನೆ.*

*ಇಂತಿ ವಿಶ್ವಾಸಿ*

ಪತ್ರದ ತಲೆಯಲ್ಲಿ ದೂರು ಸಂಖ್ಯೆ, ಎಟಿಎಂನ ಗುರುತು ಸಂಖ್ಯೆ ಅಥವಾ ವಿಳಾಸ, ಸ್ಟೇಟ್‌ಮೆಂಟಿನಲ್ಲಿರುವ ವ್ಯವಹಾರ ಸಂಖ್ಯೆ ಇರಬೇಕು. ಪೂರ್ತಿ ಕಾರ್ಡ್ ಸಂಖ್ಯೆ, ಪಿನ್ ಎಲ್ಲೂ ಇರಕೂಡದು. ಅಂದು ಮಗಳ ಶುಲ್ಕ ಕಟ್ಟಬೇಕಿತ್ತು, ಶಾಖೆಯಲ್ಲಿ ಗುಮಾಸ್ತರು ಮುಖ ತಿರುಗಿಸಿದರು ಎಂಬುದೆಲ್ಲ ನಿಜವಾಗಿದ್ದರೂ ಇಲ್ಲಿ ಬೇಡ. ವರ್ತನೆಯ ಬಗ್ಗೆ ಒಂದು ಸಾಲು ಬಂದರೆ ಉತ್ತರ ಆ ಸಾಲಿಗೆ ಬರುತ್ತದೆ, ‘ಸಿಬ್ಬಂದಿಗೆ ಸೂಕ್ತ ಸೂಚನೆ ನೀಡಲಾಗಿದೆ’ ಎಂದು. ಹಣದ ಪ್ರಶ್ನೆ ಇದ್ದಲ್ಲೇ ಇರುತ್ತದೆ.

ಓಂಬುಡ್ಸ್‌ಮನ್ ಹೆಸರು ಕೊನೆಗೆ ಒಮ್ಮೆ ಮಾತ್ರ, ತಾರೀಖಿನ ಜೊತೆ ಬಂದಿರುವುದನ್ನು ಗಮನಿಸಿ. ಅದು ಬೆದರಿಕೆಯಲ್ಲ, ಮುಂದೇನು ಎಂಬ ಮಾಹಿತಿ. ಇಮೇಲ್‌ನಲ್ಲಿ ಕಳಿಸಿದರೆ ಕಳಿಸಿದ ದಿನ ಉಳಿಯುತ್ತದೆ. ಕಾಗದದಲ್ಲಿ ಕೊಟ್ಟರೆ ಪ್ರತಿಯ ಮೇಲೆ ಶಾಖೆಯ ಮೊಹರು, ಸಹಿ, ದಿನಾಂಕ ಹಾಕಿಸಿಕೊಳ್ಳಬೇಕು.

ಉತ್ತರವನ್ನು ಓದುವುದು

ಹಣವೂ ಪರಿಹಾರವೂ ಬಂದರೆ ಮುಗಿಯಿತು. ಹಣ ಮಾತ್ರ ಬಂದರೆ, ಜಮೆಯಾದ ದಿನದವರೆಗಿನ ಲೆಕ್ಕ ಹಾಕಿ ಅದೇ ಪತ್ರಕ್ಕೆ ಉತ್ತರವಾಗಿ ಎರಡು ಸಾಲು ಬರೆಯಬೇಕು. ಹಣ ಮರಳಿಸಿದ್ದೇ ವ್ಯವಹಾರ ವಿಫಲವಾಗಿತ್ತೆಂದು ಒಪ್ಪಿದಂತೆ, ಆಗ ಪರಿಹಾರ ತಪ್ಪಿಸಿಕೊಳ್ಳುವುದು ಬ್ಯಾಂಕಿಗೆ ಕಷ್ಟ. ಬ್ಯಾಂಕು ಅದನ್ನು ‘ಸೌಹಾರ್ದದ ಕ್ರಮ’ ಎಂದು ಕರೆದಿದ್ದರೆ ಮಾತ್ರ ಸುತ್ತೋಲೆಯನ್ನು ಮತ್ತೊಮ್ಮೆ ನೆನಪಿಸಬೇಕಾಗುತ್ತದೆ.

ಇಜೆ ಲಾಗ್ ಬಂದರೆ ಕೂತು ನಿಧಾನವಾಗಿ ಓದಬೇಕು. ವ್ಯವಹಾರದ ಹೊತ್ತು ನಿಮ್ಮ ಮೊಬೈಲ್ ಸಂದೇಶಕ್ಕೆ ತಾಳೆಯಾಗುತ್ತದೆಯೇ? ನೋಟಿನ ಸಂಖ್ಯೆ 20 ಇದೆಯೇ, ಕಡಿಮೆ ಇದೆಯೇ? ಅದರ ಹಿಂದೆಮುಂದೆ ಯಂತ್ರದ ದೋಷದ ಸಾಲು ಇದೆಯೇ? ಕೆಲವೊಮ್ಮೆ ಲಾಗ್ ನಿಮ್ಮ ವಿರುದ್ಧವೇ ಇರುತ್ತದೆ: 20 ನೋಟು ಬಾಯಿಗೆ ಬಂದವು, ಯಾರೋ ತೆಗೆದುಕೊಂಡರು, ನಗದು ಲೆಕ್ಕವೂ ಸರಿಯಾಗಿದೆ. ಆಗ ಉಳಿದ ಪ್ರಶ್ನೆ ಒಂದೇ, ತೆಗೆದುಕೊಂಡವರು ಯಾರು ಎಂಬುದು. ಅದು ಸಿಸಿಟಿವಿಯ ಮತ್ತು ಪೊಲೀಸ್ ದೂರಿನ ಹಾದಿ. ದಿನಕ್ಕೆ 100 ರೂಪಾಯಿಯ ಸುತ್ತೋಲೆ ಅಲ್ಲಿ ಕೈಹಿಡಿಯುವುದಿಲ್ಲ.

ನಾಲ್ಕನೆಯದೂ ಸಿದ್ಧ ಉತ್ತರವೇ ಆದರೆ ಅದು ಆಂತರಿಕ ಓಂಬುಡ್ಸ್‌ಮನ್ ನೋಡಿದ ತೀರ್ಮಾನವೇ ಎಂದು ಮೊದಲು ನೋಡಬೇಕು. ನೋಡಿದ್ದರೆ ಹಾಗೆಂದು ಉತ್ತರದಲ್ಲಿ ಹೇಳಿರಬೇಕು. ಆ ಮಾತೇ ಇಲ್ಲದಿದ್ದರೆ ಅದನ್ನೂ ದೂರಿನ ಒಂದು ಅಂಶವಾಗಿ ಸೇರಿಸಬಹುದು. ಆಮೇಲೆ ಐದನೆಯ ಪತ್ರ ಬೇಡ. ಉತ್ತರ ತೃಪ್ತಿಕರವಾಗಿಲ್ಲವೆಂದಾಗಲಿ, 30 ದಿನ ಕಳೆದರೂ ಉತ್ತರವೇ ಬರಲಿಲ್ಲವೆಂದಾಗಲಿ cms.rbi.org.in ತಾಣದಲ್ಲಿ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು, ಶುಲ್ಕವಿಲ್ಲ. ಇಮೇಲ್ ಅಥವಾ ಅಂಚೆಯಲ್ಲಿ ಚಂಡೀಗಢದ ಕೇಂದ್ರಕ್ಕೆ ಕಳಿಸುವ ದೂರು ಕನ್ನಡದಲ್ಲೇ ಇದ್ದರೂ ನಡೆಯುತ್ತದೆ. ಮಾಹಿತಿಗೆ 14448 ಸಂಖ್ಯೆ ಇದೆ. ಸಲ್ಲಿಸಲು ಕೊನೆಯ ದಿನದ ನಿಯಮವೂ ಇದೆ, ನಿಯಮಗಳು ಆಗಾಗ ಪರಿಷ್ಕರಣೆಯಾಗುತ್ತಿರುತ್ತವೆ, ಹಾಗಾಗಿ ತಡ ಮಾಡದಿರುವುದು ಒಳ್ಳೆಯದು.

ಆ ತಾಣ ಮೊದಲಿಗೇ ಕೇಳುವುದು, ಬ್ಯಾಂಕಿಗೆ ದೂರು ಕೊಟ್ಟಿರಾ, ಯಾವಾಗ, ಏನು ಉತ್ತರ ಬಂತು ಎಂದು. ಜೂನ್ 24ರ ಪತ್ರವನ್ನೂ ಮೂರು ಉತ್ತರಗಳನ್ನೂ ಲಗತ್ತಿಸಿದರೆ ಶಿಕ್ಷಕಿ ಹೊಸದಾಗಿ ಬರೆಯಬೇಕಾದದ್ದು ಹೆಚ್ಚೇನೂ ಉಳಿಯುವುದಿಲ್ಲ. ಚಾರ್ಜ್‌ಬ್ಯಾಕ್ ಯಾವಾಗ, ಲಾಗ್ ಎಲ್ಲಿ, ನಗದು ಲೆಕ್ಕ ಏನು ಹೇಳುತ್ತದೆ ಎಂಬ ಮೂರು ಪ್ರಶ್ನೆಗೂ ಬ್ಯಾಂಕು ಇನ್ನು ಓಂಬುಡ್ಸ್‌ಮನ್ ಕಚೇರಿಗೆ ಉತ್ತರ ಕೊಡಬೇಕಾಗುತ್ತದೆ.